ಇಡ್ಲಿ ಹಬೆಯಲ್ಲಿ ಬೆಂದ ಬಯಾಪ್ಸಿ ರಿಪೋರ್ಟು

ಆ ಶನಿವಾರ ಸಂಜೆ ನಮ್ಮ ಓನರಮ್ಮ ಇಡ್ಲಿ ಪಾತ್ರೆಯಲ್ಲಿ ಇಡ್ಲಿಯನ್ನೇ ಇಡದೆ ನೀರು ಕುದಿಸುತ್ತಿದ್ದರು. ನಾನು ಕಾಲೇಜಿನಿಂದ ಬಂದು ಹಿತ್ತಿಲ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಂಡದ್ದು ಇಷ್ಟು: ಒಲೆಯ ಮೇಲೆ ಪಾತ್ರೆ, ಪಾತ್ರೆಯಿಂದ ಭುಸ್ಸೆಂದು ಏಳುವ ಹಬೆ, ಹಬೆಯ ಮೇಲೆ ಒಂದು ಖಾಕಿ ಕವರು, ಕವರಿನ ಎರಡು ತುದಿ ಹಿಡಿದು ನಿಂತ ಅವರ ಯಜಮಾನರು, ಅಂದರೆ ಗೌಡರು. ಓನರಮ್ಮ ಪಕ್ಕದಲ್ಲಿ ನಿಂತು ಹಪ್ಪಳ ಸುಡುವವರಿಗೆ ಹೇಳುವ ಹಾಗೆ “ತಿರುವಿ, ಈಗ ತಿರುವಿ” ಎನ್ನುತ್ತಿದ್ದರು.

“ಏನಮ್ಮಾ ಅದು?” ಎಂದೆ.

“ಏನಿಲ್ಲ ಕಣವ್ವ, ನನ್ನ ರಿಪೋಲ್ಟು. ಬೇಯ್ತಾ ಐತೆ.”

ನನಗೆ ನಗು ತಡೆಯಲಾಗಲಿಲ್ಲ. ನಗಬಾರದ ಹೊತ್ತಿನಲ್ಲಿ ನಗುವುದು ನನ್ನ ಹುಟ್ಟುಗುಣ. ಸಾವಿನ ಮನೆಯಲ್ಲೂ ಯಾರಾದರೂ ಸೀನಿದರೆ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡುವವಳು ನಾನು. ಆದರೆ ಆ ಕವರಿನೊಳಗೆ ಏನಿರಬಹುದು ಎಂದು ಆ ಮನೆಯಲ್ಲಿ ನನ್ನಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ನಗುತ್ತಲೇ ಹೆದರಿಕೆಯೂ ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಎಂಬಿಬಿಎಸ್ ಮುಗಿಸಿ ಪೆಥಾಲಜಿ ಓದುತ್ತಿದ್ದೆ. ಯಡಿಯೂರಿನ ಹಳೆಯ ಊರೊಳಗೆ, ಕೆರೆ ಕಡೆಗೆ ಹೋಗುವ ಬೀದಿಯಲ್ಲಿ, ಗೌಡರ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದೆ. ಗೌಡರು ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಬನಶಂಕರಿಯ ಸೈಟುಗಳಾಗಿ ಹೋಗಿತ್ತು. ಅವರು ಈಗ ಉಳಿದ ಜಾಗದಲ್ಲಿ ನಾಲ್ಕಾರು ಅಂಗಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಜಗುಲಿಯ ಮೇಲೆ ಕೂತಿರುತ್ತಿದ್ದರು. ಮಕ್ಕಳು ದೂರದಲ್ಲಿ ಸಂಸಾರ ಹೂಡಿದ್ದರು. ನಾನು ಓದುವುದು ಏನು ಎಂದು ವಿವರಿಸಲು ಮೊದಲು ಬಹಳ ಪ್ರಯತ್ನ ಪಟ್ಟೆ. ರೋಗಿಯಿಂದ ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ ಎಂದೆ. ಓನರಮ್ಮ ಎಲ್ಲವನ್ನೂ ಕೇಳಿ, “ಅಂದ್ರೆ ಮನುಷನ್ನ ನೋಡಲ್ಲ, ಚೂರು ನೋಡ್ತೀಯ” ಎಂದು ಮುಗಿಸಿಬಿಟ್ಟರು. ಇಷ್ಟು ಚೆನ್ನಾಗಿ ನನ್ನ ಓದನ್ನು ನನ್ನ ಗುರುಗಳೂ ಹೇಳಿರಲಿಲ್ಲ.

ಓನರಮ್ಮನಿಗೆ ಎಲೆ, ಅಡಿಕೆ, ಸುಣ್ಣ, ಮೇಲೊಂದು ಎಸಳು ಹೊಗೆಸೊಪ್ಪು ಇಲ್ಲದೆ ಬೆಳಗಾಗುತ್ತಿರಲಿಲ್ಲ. ಬಲಗೆನ್ನೆಯೊಳಗೆ ಅದನ್ನು ಒತ್ತರಿಸಿಕೊಂಡೇ ಮಾತಾಡುತ್ತಿದ್ದರು, ಬೈಯುತ್ತಿದ್ದರು. ನಗುವಾಗ ಮಾತ್ರ ಬಾಯಿ ಪೂರ್ತಿ ತೆರೆಯುತ್ತಿತ್ತು. ಕೆಲವು ವಾರಗಳ ಹಿಂದೆ ನಾನು ಹೇಳಿದ ಯಾವುದೋ ಪೋಲಿ ಜೋಕಿಗೆ ಅವರು ತಲೆ ಹಿಂದಕ್ಕೆ ಹಾಕಿ ನಕ್ಕಾಗ ಬಲಗೆನ್ನೆಯ ಒಳಗೆ ಬೆಳ್ಳಗಿನ ಮಚ್ಚೆಯೊಂದು ಕಂಡಿತು. ಬಟ್ಟೆಯಿಂದ ಒರೆಸಿದರೂ ಹೋಗಲಿಲ್ಲ. ಅದನ್ನು ಗೌಡರಿಗೆ ಹೇಳಿದೆ. ಮನೆ ಸೋರಿದರೆ “ಮುಂದಿನ ಮಳೆಗಾಲಕ್ಕೆ ನೋಡೋವ” ಎನ್ನುವ ಆಸಾಮಿ, ಮಾರನೆಯ ದಿನವೇ ಹೆಂಡತಿಯನ್ನು ಆಟೋ ಹತ್ತಿಸಿಕೊಂಡು ಜಯನಗರದ ಸರ್ಜನ್ ಹತ್ತಿರ ಹೊರಟರು. ನನಗೇ ಆಶ್ಚರ್ಯ. ಸರ್ಜನ್ ಮಚ್ಚೆಯನ್ನು ಪೂರ್ತಿ ಕತ್ತರಿಸಿ ತೆಗೆದು, ಹೊಲಿಗೆ ಹಾಕಿ, ಚೂರಿನ ಬಾಟಲಿಯನ್ನು ಅಂದಿನ ಪದ್ಧತಿಯಂತೆ ಗೌಡರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸಿದರು. ಬಸ್ಸಿನಲ್ಲಿ ಗೌಡರು ಅದನ್ನು ತುಪ್ಪದ ಗಿಂಡಿಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಹೋದರಂತೆ. ಪಕ್ಕದವನು “ಏನ್ ಸಾರ್ ಉಪ್ಪಿನಕಾಯಾ?” ಎಂದು ಕೇಳಿದ್ದಕ್ಕೆ “ನಮ್ಮೆಂಡ್ತಿ” ಎಂದರಂತೆ.

ಈಗ ರಿಪೋರ್ಟು ಬಂದಿತ್ತು. ಶನಿವಾರ ಸಂಜೆ ಲ್ಯಾಬು ಬಾಗಿಲು ಹಾಕುವ ಹೊತ್ತಿಗೆ ಗೌಡರ ಕೈಗೆ ಸಿಕ್ಕಿತ್ತು. ಸರ್ಜನ್ ಡಾಕ್ಟರು ನೋಡುವುದು ಸೋಮವಾರ ಬೆಳಿಗ್ಗೆ. ಕವರಿನ ಮೇಲೆ ಡಾಕ್ಟರ ಹೆಸರು, ಬಾಯಿಗೆ ಗೋಂದು. ಓನರಮ್ಮನ ಹಟ ಒಂದೇ: ಒಳಗೆ ಕೆಟ್ಟದ್ದು ಬರೆದಿದ್ದರೆ ಸೋಮವಾರ ಡಾಕ್ಟರ ಬಾಗಿಲು ತುಳಿಯುವುದಿಲ್ಲ. “ಇನ್ನೊಂದ್ ಕಿತ ಕತ್ರಿ ಹಾಕಿಸ್ಕಣಾಕಿಲ್ಲ. ಬಂದಿದ್ ಬರ್ಲಿ. ಮನೇಲೇ ಸಾಯ್ತೀನಿ, ನಗ್ತಾ ಸಾಯ್ತೀನಿ.” ಅದು ಬಾಯಿಮಾತಲ್ಲ ಎಂದು ಗೌಡರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆಕೆ ಆಡಿದ ಮಾತಿಗೆ ತಪ್ಪಿದ್ದನ್ನು ಯಡಿಯೂರಿನಲ್ಲಿ ಯಾರೂ ಕಂಡವರಿರಲಿಲ್ಲ. ಅದಕ್ಕೇ ಈ ಹಬೆಯ ವ್ಯವಹಾರ.

ಗೌಡರಿಗೆ ಕವರು ಬಿಚ್ಚುವ ವಿದ್ಯೆ ಎಲ್ಲಿಂದ ಬಂತೋ ಗೊತ್ತಿಲ್ಲ. ಹೊಲ ಹೋಗುವ ಕಾಲದಲ್ಲಿ ಕಚೇರಿಗಳ ಮುಂದೆ ಕೂತು ಕಲಿತದ್ದಿರಬಹುದು. ಗೋಂದು ಬಿಟ್ಟಿತು. ಆದರೆ ಅವರ ಕೈ ನಡುಗುತ್ತಿತ್ತು. ಕವರು ಬಾಯಿ ಬಿಟ್ಟ ಮೇಲೂ ಹಬೆಯಿಂದ ಸರಿಸದೆ ಹಾಗೇ ಹಿಡಿದಿದ್ದರು. ಹೆಂಡತಿ “ಅಯ್ಯೋ, ಬೆಂದೋಯ್ತು, ಇಳಿಸ್ರೀ” ಎಂದು ಕೂಗಿದಾಗ ಬೆಚ್ಚಿ, ಕಾಗದವನ್ನು ಇನ್ನಷ್ಟು ಒಳಕ್ಕೇ ಅದ್ದಿದರು. ನಾನು ಕಸಿದುಕೊಂಡೆ.

ಟೈಪು ಮಾಡಿದ ಅಕ್ಷರ ಜಗ್ಗಲಿಲ್ಲ. ಆದರೆ ಕೊನೆಯ ಸಾಲನ್ನು ಟೈಪಿಸ್ಟು ಬಿಟ್ಟಿದ್ದರೋ ಏನೋ, ಪೆಥಾಲಜಿಸ್ಟರು ತಮ್ಮ ಇಂಕ್ ಪೆನ್ನಿನಲ್ಲಿ ಬರೆದಿದ್ದರು. ಆ ಸಾಲಿನ ಮೊದಲಿಗೆ “ಮಾರ್ಜಿನ್ಸ್” ಎಂಬ ಒಂದು ಪದ ಉಳಿದಿತ್ತು. ಅದರಾಚೆ ನೀಲಿ ಮೋಡ.

“ಏನಂತೆ?” ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ನನ್ನ ಗುರುಗಳು ಒಂದು ಮಾತು ಹೇಳಿದ್ದರು. ರೋಗಿ ಪದದ ಅರ್ಥ ಕೇಳಿದರೆ ಹೇಳು, ಮುಂದೇನು ಮಾಡಬೇಕು ಎಂದು ಕೇಳಿದರೆ ಡಾಕ್ಟರ ಹತ್ತಿರ ಕಳಿಸು. ಚೂರನ್ನು ನೋಡಿದವರಿಗೆ ಬಾಯಿ ಕಂಡಿರುವುದಿಲ್ಲ. ಎರಡನ್ನೂ ಸೇರಿಸಿ ನೋಡುವುದು ಡಾಕ್ಟರ ಕೆಲಸ. ನಾನು ಹಾಗೇ ಮಾಡೋಣವೆಂದುಕೊಂಡು ಕಾಗದ ಓದಿದೆ. ಬಿನೈನ್ ಸ್ಕ್ವೇಮಸ್ ಹೈಪರ್‌ಪ್ಲೇಸಿಯಾ. ಜೊತೆಗೆ ಮೈಲ್ಡ್ ಡಿಸ್‌ಪ್ಲೇಸಿಯಾ. ನೋಡಿದ ಸೆಕ್ಷನ್‌ಗಳಲ್ಲಿ, ಅಂದರೆ ಹೆರೆದ ಪೊರೆಗಳಲ್ಲಿ, ಮ್ಯಾಲಿಗ್ನೆನ್ಸಿ ಇಲ್ಲ.

ಓದಿದವಳೇ ಕುಣಿದುಬಿಟ್ಟೆ. ನಿಜವಾಗಿಯೂ ಕುಣಿದೆ, ಅಡಿಗೆಮನೆಯ ನೆಲದ ಮೇಲೆ, ಬರಿಗಾಲಲ್ಲಿ. “ಕ್ಯಾನ್ಸರ್ ಇಲ್ಲ ಅಮ್ಮಾ! ಬಿನೈನ್ ಅಂದ್ರೆ ಕ್ಯಾನ್ಸರ್ ಅಲ್ಲ. ಬೇರೆ ಕಡೆ ಹೋಗಿ ಬೇರು ಬಿಡೋ ಜಾತಿ ಅಲ್ಲ!”

ಓನರಮ್ಮ ಕುಣಿಯಲಿಲ್ಲ. “ಬರೀ ಅಷ್ಟೇ ಬರೆಯೋಕೆ ಇಷ್ಟುದ್ದ ಯಾಕೆ?” ಎಂದರು.

ಗೌಡರು ನೀಲಿ ಮೋಡದ ಮೇಲೆ ಬೆರಳಿಟ್ಟರು. “ಸರ್ಕಾರಿ ಕಾಗದದಾಗೆ ಮೇಲಿಂದೆಲ್ಲ ಕತೆ ಕಣವ್ವ. ಹೊಲ ಉಳೀತೋ ಹೋಯ್ತೋ ಅನ್ನೋದು ಕೊನೇ ಸಾಲಾಗೆ ಇರ್ತದೆ. ಆ ಕೊನೇ ಸಾಲ್ನೇ ಬೇಯಿಸಿಬಿಟ್ವಲ್ಲ.”

ಬಡ್ಡೀಮಗಂದು, ಅವರ ಮಾತೂ ಪೂರ್ತಿ ಸುಳ್ಳಾಗಿರಲಿಲ್ಲ.

ಭಾನುವಾರ ಲ್ಯಾಬಿಗೆ ರಜೆ. ಮೆಡಿಕಲ್ ಶಾಪಿನ ಫೋನಿನಿಂದ ಎಷ್ಟು ಸಲ ಡಯಲ್ ತಿರುಗಿಸಿದರೂ ಆ ಕಡೆ ಬರೀ ಗಂಟೆ. ಲ್ಯಾಬಿನಲ್ಲಿ ಕಾರ್ಬನ್ ಕಾಪಿ ಇರುತ್ತದೆ, ಅದರಲ್ಲೂ ಆ ಸಾಲು ಬರೆದಿರುತ್ತಾರೆ, ಆದರೆ ಅದು ಬೀಗದೊಳಗೆ. ಹಾಗಾಗಿ ಇಡೀ ಭಾನುವಾರ ನಾವು ಮೂವರೂ ಒಂದು ನೀಲಿ ಕಲೆಯ ಸುತ್ತ ಪ್ರದಕ್ಷಿಣೆ ಹಾಕಿದೆವು. ಗೌಡರು ಕಾಗದವನ್ನು ಬಿಸಿಲಿಗೆ ಹಿಡಿದು, ತಲೆಕೆಳಗು ಮಾಡಿ, ಕನ್ನಡಕ ತೆಗೆದು ಹಾಕಿ ನೋಡಿದರು. ಓನರಮ್ಮ ಅದನ್ನು ಮೂಸಿಯೂ ನೋಡಿದರು. ನಾನು ನನ್ನ ಭೂತಗನ್ನಡಿ ತಂದೆ. ಅದರಲ್ಲಿ ಮೋಡ ಇನ್ನೂ ದೊಡ್ಡದಾಗಿ ಕಂಡಿತು, ಅಷ್ಟೇ ಲಾಭ.

ಕೊನೆಗೆ ಓನರಮ್ಮ ಜಗುಲಿಯ ಮೇಲೆ ಬದನೆಕಾಯಿ ಬುಟ್ಟಿ ಇಟ್ಟುಕೊಂಡು ಕೂತರು. “ಆಯ್ತು ಡಾಕ್ಟ್ರಮ್ಮ, ಮೇಲಿನ ಸಾಲಾದ್ರೂ ಬಿಡಿಸಿ ಹೇಳು. ಆ ಹೈಪರ್ ಅನ್ನೋದು ಏನು?”

ನಾನು ಹೇಳಿದೆ. ಕೆನ್ನೆಯ ಒಳಚರ್ಮದಲ್ಲಿ ಸ್ಕ್ವೇಮಸ್ ಎನ್ನುವ ಚಪ್ಪಟೆ ಸೆಲ್ಲುಗಳ ಸಾಲುಗಳಿರುತ್ತವೆ. ದಿನವೂ ಅಲ್ಲಿ ಸುಣ್ಣ ಹೊಗೆಸೊಪ್ಪು ಇಟ್ಟು ಉರಿಸಿದರೆ ಚರ್ಮ ತಡೆದುಕೊಳ್ಳಲು ಹೆಚ್ಚು ಹೆಚ್ಚು ಸೆಲ್ಲು ಹುಟ್ಟಿಸಿ ದಪ್ಪಗಾಗುತ್ತದೆ. ಲೆಕ್ಕ ಜಾಸ್ತಿ, ಆದರೆ ರೂಪ ಸರಿಯಾಗಿದೆ. ಅದು ಹೈಪರ್‌ಪ್ಲೇಸಿಯಾ.

“ರಾಗಿ ಪೈರು ಒತ್ತಾಗಿ ಬಂದಂಗೆ,” ಎಂದರು ಗೌಡರು. “ಎಲ್ಲ ರಾಗೀನೇ.”

“ಹಾಂ, ಎಲ್ಲ ರಾಗೀನೇ. ಡಿಸ್‌ಪ್ಲೇಸಿಯಾ ಅಂದ್ರೆ ಪೈರೇ ಸೊಟ್ಟಗೆ ಬರೋಕೆ ಶುರು ಆಗಿರೋದು. ಒಂದು ಸಣ್ಣ, ಒಂದು ದಪ್ಪ, ಸಾಲು ತಪ್ಪಿ ನಿಂತಿರೋದು. ಕ್ಯಾನ್ಸರ್ ಅಲ್ಲ. ಆದ್ರೆ ಹಿಂಗೇ ಬಿಟ್ರೆ ಕೆಲವರಲ್ಲಿ ಮುಂದೆ ಆಗಬಹುದು. ಎಚ್ಚರಿಕೆ ಅಂತ ಇಟ್ಕೊಳ್ಳಿ.”

“ಕೆಲವರಲ್ಲಿ ಅಂದ್ರೆ?”

“ಎಲ್ಲರಿಗೂ ಆಗಲ್ಲ. ಯಾರಿಗೆ ಅಂತ ಮೊದಲೇ ಹೇಳೋಕಾಗಲ್ಲ. ಅಮ್ಮಂದು ಮೈಲ್ಡ್. ಅಂದ್ರೆ ಚರ್ಮದ ಕೆಳಗಿನ ಪದರದಲ್ಲಿ ಮಾತ್ರ ಸೊಟ್ಟ, ಮೇಲೆಲ್ಲ ನೆಟ್ಟಗಿದೆ. ಹೊಗೆಸೊಪ್ಪು ಬಿಟ್ರೆ ಎಷ್ಟೋ ಸಲ ಇಂಥದ್ದು ತಾನಾಗೇ ಸರಿಹೋಗುತ್ತೆ.”

ಗೌಡರು ಟವೆಲಿನಿಂದ ಬಾಯಿ ಒರೆಸಿಕೊಂಡರು. “ಮೈಲ್ಡ್ ಆದ್ಮೇಲೆ ಇನ್ನೇನು?”

“ಮಾಡರೇಟ್, ಆಮೇಲೆ ಸಿವಿಯರ್. ಸಿವಿಯರ್‌ನಲ್ಲಿ ಕೆಳಗಿಂದ ಮೇಲಿನತನಕ ಹೆಚ್ಚೂಕಮ್ಮಿ ಪೂರ್ತಿ ಸೊಟ್ಟ. ಆಗ್ಲೂ ಅದು ಕ್ಯಾನ್ಸರ್ ಆಗೋದು ಪದರದ ಕೆಳಗಿನ ಬದು ದಾಟಿ ಆಚೆ ನುಗ್ಗಿದಾಗ್ಲೇ.”

“ಅಲ್ಲೀತನಕ ತೆಗೆದ್ರೆ?”

“ತೆಗೆದ್ರೆ ಬಚಾವು. ಆಮೇಲೂ ಬಾಯಿ ನೋಡಿಸ್ಕೊಳ್ತಾ ಇರಬೇಕು.”

“ಮಚ್ಚೆ ಬೆಳ್ಳಗಿರದೆ ಕೆಂಪಗಿದ್ರೆ?”

“ಕೆಂಪಿದ್ರೆ ಇನ್ನೂ ಬೇಗ ತೋರಿಸ್ಬೇಕು ಗೌಡ್ರೇ. ಕೆಂಪಿನ ಮೇಲೆ ನಮಗೆ ಗುಮಾನಿ ಜಾಸ್ತಿ.”

“ನೋವಿಲ್ದೇ ಇದ್ರೂ?”

“ನೋವಿಲ್ದೇ ಇದ್ರೂ.”

ಓನರಮ್ಮ ಚಾಕು ಎತ್ತಿದರು. “ನಂದು ಬೆಳ್ಳಗೇ ಐತಲ್ರೀ. ಊರೋರ ಬಾಯೆಲ್ಲ ಯಾಕೆ ವಿಚಾರುಸ್ತೀರ?” ಗೌಡರು ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡರು. ನಾನು ಹೆಂಡತಿಯ ಮೇಲೆ ಇಷ್ಟು ಕಾಳಜಿ ಇರುವ ಗಂಡನನ್ನು ಕಂಡು ಖುಷಿಪಟ್ಟೆ. ಮದುವೆಯಾದರೆ ಇಂಥವನನ್ನೇ ಆಗಬೇಕು, ಆದರೆ ಇಷ್ಟು ಪ್ರಶ್ನೆ ಕೇಳಬಾರದು ಎಂದುಕೊಂಡೆ.

“ಆ ಮಾರ್ಜಿನ್ನು?” ಎಂದರು ಓನರಮ್ಮ. ಎಲ್ಲರ ಕಣ್ಣೂ ಮತ್ತೆ ಮೋಡದ ಮೇಲೆ.

ಮಾರ್ಜಿನ್ ಎಂದರೆ ಕತ್ತರಿಸಿ ತೆಗೆದ ಚೂರಿನ ಅಂಚು. ನಾವು ಲ್ಯಾಬಿನಲ್ಲಿ ಆ ಅಂಚನ್ನೂ ನೋಡುತ್ತೇವೆ. ಸೊಟ್ಟ ಸೆಲ್ಲುಗಳು ಚೂರಿನ ನಡುವೆಯೇ ಮುಗಿದು, ಸುತ್ತ ಅಂಚಿನಲ್ಲಿ ಒಳ್ಳೆಯ ಸೆಲ್ಲಿದ್ದರೆ ಫ್ರೀ ಎಂದು ಬರೆಯುತ್ತೇವೆ. ಸೊಟ್ಟದ್ದು ಅಂಚಿನವರೆಗೂ ಬಂದಿದ್ದರೆ, ಕತ್ತರಿಯ ಆಚೆ ಕಡೆ, ಕೆನ್ನೆಯಲ್ಲೂ ಸ್ವಲ್ಪ ಉಳಿದಿರಬಹುದು ಎಂದು ಅರ್ಥ. ಇದನ್ನೆಲ್ಲ ನಾನು ಹೇಳುವಾಗ ಓನರಮ್ಮ ಒಂದು ಹುಳುಕು ಬದನೆಕಾಯಿ ಎತ್ತಿಕೊಂಡು ಹುಳ ತಿಂದ ಭಾಗವನ್ನು ಕೊಯ್ದು ಬಿಸಾಕಿದರು. ಆಮೇಲೆ ಕೊಯ್ದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು. ಇನ್ನೂ ಕಪ್ಪಿತ್ತು. ಮತ್ತೊಂದು ಬಿಲ್ಲೆ ಕೊಯ್ದರು. ಬೆಳ್ಳಗೆ ಬಂತು. ಉಳಿದದ್ದನ್ನು ನೀರಿಗೆ ಹಾಕಿದರು.

“ಇದೇ ತಾನೆ?” ಎಂದರು.

“ಇದೇ ಅಮ್ಮಾ!” ನನಗೆ ಆಕೆಯನ್ನು ತಬ್ಬಿಕೊಳ್ಳುವಷ್ಟು ಸಂತೋಷ. “ಇದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ. ಅಂಚು ಫ್ರೀ ಇಲ್ದೇ ಇದ್ರೂ ಮುಳುಗಿ ಹೋಗಿಲ್ಲ. ನಿಮ್ಮದು ಮೈಲ್ಡು. ಡಾಕ್ಟ್ರು ಬಾಯಿ ನೋಡಿ, ಕಾಯ್ದು ನೋಡೋಣ ಅನ್ನಬಹುದು, ಇಲ್ಲ ಇನ್ನೊಂದು ತೆಳ್ಳಗಿನ ಬಿಲ್ಲೆ ತೆಗೀಬಹುದು.”

ಬಿಲ್ಲೆ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಕೆಟ್ಟೆ ಎನಿಸಿತು. ಓನರಮ್ಮನ ಮುಖ ಗಂಟಾಯಿತು. “ನೋಡು ಮತ್ತೆ. ನಾನು ಬರಾಕಿಲ್ಲ. ಬದನೆಕಾಯಿಗೇನು, ಅದಕ್ಕೆ ಊಟ ಮಾಡೋ ಹಂಗಿಲ್ಲ. ಹೊಲಿಗೆ ಹಾಕಿದ್ ಬಾಯಾಗೆ ಎಷ್ಟ್ ದಿನ ಗಂಜಿ ಕುಡ್ದಿವ್ನಿ ನಾನು! ನಗಕ್ಕೂ ಬಿಡ್ಲಿಲ್ಲ ಈ ಮುಂಡೇವು.”

ನಾನು ರಮಿಸಿದೆ, ಹೆದರಿಸಿದೆ, ಅತ್ತ ಹಾಗೆ ನಟಿಸಿದೆ. ಕ್ಯಾನ್ಸರ್ ಇಲ್ಲವೆಂದು ಬರೆದ ಕಾಗದ ಕೈಯಲ್ಲಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಲು ಹೆದರುವವರನ್ನು ನಾನು ನೋಡಿಯೇ ಇಲ್ಲ ಎಂದೆ. “ಈಗ ನೋಡ್ಕೋ” ಎಂದರು. ಬೆಟ್ಟವನ್ನಾದರೂ ಕದಲಿಸಬಹುದು, ಯಡಿಯೂರಿನ ಓನರಮ್ಮನನ್ನಲ್ಲ.

ಆಗ ಗೌಡರು, ಕೆರೆ ಕಡೆ ನೋಡುತ್ತಾ, ಮೆಲ್ಲಗೆ ಹೇಳಿದರು. “ನೀನ್ ಬರ್ದೇ ಇದ್ರೆ ನಾನೂ ಹೋಗಾಕಿಲ್ಲ.”

ಓನರಮ್ಮ ಒಂದು ಕ್ಷಣ ಗಂಡನನ್ನೇ ನೋಡಿದರು. ಆಮೇಲೆ ನಕ್ಕರು. ಹೊಲಿಗೆ ಬಿಚ್ಚಿದ ಮೇಲೆ ಬಾಯ್ತುಂಬ ನಕ್ಕದ್ದು ಅದೇ ಮೊದಲು. “ಅಲ್ಲಿ ನಿಮಗೇನ್ ಐತ್ರೀ ಕೆಲ್ಸ? ನನ್ನ ಕೆನ್ನೆ, ನನ್ನ ಕಾಗದ. ನಾನಿಲ್ದೆ ನೀವೊಬ್ರೇ ಹೋಗಿ ಅಲ್ಲೇನ್ ಮಾಡ್ತೀರಿ, ಆರತಿ ಎತ್ತುಸ್ಕೊಂಡ್ ಬರ್ತೀರ?”

“ಜೊತೆಗೆ ಅಂದೆ ಅಷ್ಟೇಯ,” ಎಂದು ಗೌಡರು ಎದ್ದು ಹೋದರು. ಓನರಮ್ಮನಿಗೆ ಆ ಮಾತು ಎಷ್ಟು ತಮಾಷೆಯಾಗಿ ಕಂಡಿತೆಂದರೆ, ಮಧ್ಯಾಹ್ನ ಊಟಕ್ಕೆ ಬಡಿಸುವಾಗಲೂ ನೆನೆಸಿಕೊಂಡು ನಗುತ್ತಿದ್ದರು. ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ನಾನು ಬೆರಳು ಚೀಪಿಕೊಂಡು ತಿಂದೆ. ಗೌಡರು ಈ ನಡುವಿನ ರೂಢಿಯಂತೆ ಮೊಸರನ್ನ ಕಲಸಿಕೊಂಡರು. ಖಾರ ತಿಂದರೆ ಪಿತ್ತ ಎಂದು ಅವರು ಹೇಳುತ್ತಿದ್ದರು, ನಾವು ನಂಬಿದ್ದೆವು. ಕೈ ತೊಳೆಯುವಾಗ ಓನರಮ್ಮ ಯಾರಿಗೂ ಅಲ್ಲದ ಹಾಗೆ, “ಹೋಗ್ಲಿ, ಪಾಪ, ಈ ಮನುಷನಿಗಾಗಿ ಬರ್ತೀನಿ” ಎಂದರು. ನಾನು ಮತ್ತೆ ಕುಣಿದೆ.

ಸೋಮವಾರ ಮೂವರೂ ಹೊರಟೆವು. ನಾನು ಕಾಲೇಜಿಗೆ ಚಕ್ಕರ್ ಹೊಡೆದಿದ್ದೆ. ಓನರಮ್ಮ ರೇಷ್ಮೆ ಸೀರೆ ಉಟ್ಟಿದ್ದರು. “ಕೊಯ್ಸಿಕೊಳ್ಳೋದೇ ಆದ್ರೆ ಲಕ್ಷಣವಾಗಿ ಕೊಯ್ಸಿಕೊಳ್ಳಾವ” ಎಂಬುದು ಅವರ ತರ್ಕ. ಗೌಡರು ಕವರನ್ನು ಅನ್ನದ ಅಗುಳಿನಿಂದ ಮತ್ತೆ ಅಂಟಿಸಿ, ಅದರ ಮೇಲೆ ರಾತ್ರಿಯಿಡೀ ಒರಳುಗುಂಡು ಇಟ್ಟಿದ್ದರು. ಆದರೂ ಅದು ಉಬ್ಬಿದ ಪೂರಿಯ ಹಾಗೆಯೇ ಇತ್ತು.

ಡಾಕ್ಟರು ಅದನ್ನು ಕೈಗೆ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಅಂಟಿದ್ದ ಅಗುಳೊಂದನ್ನು ಉಗುರಿನಿಂದ ಎಬ್ಬಿಸಿ ಮೇಜಿನ ಮೇಲಿಟ್ಟರು. “ಲ್ಯಾಬಿನವರು ಊಟ ಮಾಡ್ತಾ ಅಂಟಿಸಿರಬೇಕು,” ಎಂದರು.

ನನಗೆ ನಗು ಉಕ್ಕಿ ಮೂಗಿನಿಂದ ಬಂತು. ಓನರಮ್ಮ ತಕ್ಷಣ ಗಂಡನ ಕಡೆ ಬೆರಳು ತೋರಿಸಿದರು. “ಇವ್ರೇ ಸ್ವಾಮಿ. ನಾನು ಬ್ಯಾಡ ಬ್ಯಾಡ ಅಂದೆ.” ಗೌಡರು ಅಷ್ಟು ದೊಡ್ಡ ಸುಳ್ಳನ್ನು ತಲೆ ಬಗ್ಗಿಸಿ ಒಪ್ಪಿಕೊಂಡರು.

ಡಾಕ್ಟರು ಓದಿದರು. ಮೋಡದ ಹತ್ತಿರ ನಿಂತರು. ಹಲ್ಲು ಕಚ್ಚಿ ನಗು ತಡೆದು ಫೋನೆತ್ತಿ ಲ್ಯಾಬಿಗೆ ತಿರುಗಿಸಿದರು. ಆ ಕಡೆ ಯಾರೋ ಕಾಪಿ ಹುಡುಕಲು ಹೋದರು. ನಾವು ಕಾದೆವು. ಓನರಮ್ಮ ನನ್ನ ಕೈಯನ್ನು ಹಿಡಿದಿದ್ದರು. ಅವರ ಬಳೆಗಳು ಒಂದಕ್ಕೊಂದು ತಾಕಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಇಷ್ಟು ಹೊತ್ತೂ ನಗುತ್ತಿದ್ದ ಹೆಂಗಸಿಗೆ ಎಷ್ಟು ಹೆದರಿಕೆಯಿತ್ತು ಎಂದು ನನಗೆ ಗೊತ್ತಾದದ್ದು ಆಗ.

“ಹಾಂ, ಹೇಳಿ,” ಎಂದರು ಡಾಕ್ಟರು ಫೋನಿಗೆ. “ಸರಿ. ಸುತ್ತಲೂ? ಸರಿ.” ಫೋನಿಟ್ಟರು. “ಮಾರ್ಜಿನ್ಸ್ ಫ್ರೀ. ಕೆಟ್ಟದ್ದೆಲ್ಲ ಚೂರಿನ ಜೊತೆಗೇ ಬಂದಿದೆ. ಈಗ ಇನ್ನೇನೂ ಕತ್ತರಿಸೋದು ಬೇಡ.”

ಓನರಮ್ಮ ನನ್ನ ಕಡೆ ತಿರುಗಿ, “ಬೆಳ್ಳಗೆ ಬಂತು ಕಣೇ, ಬದನೆಕಾಯಿ!” ಎಂದು ಕಿರುಚಿದರು. ಹೊರಗೆ ಕಾಯುತ್ತಿದ್ದ ರೋಗಿಗಳು ಇಣುಕಿದರು. ಡಾಕ್ಟರು ಬ್ಯಾಟರಿ ಬಿಟ್ಟು ಬಾಯಿ ನೋಡಿದರು, ಗಾಯ ಚೆನ್ನಾಗಿ ಮಾಗಿದೆ ಎಂದರು. ಆಮೇಲೆ ದನಿ ಬದಲಿಸಿ ಹೇಳಿದರು. ಬಿನೈನ್ ಎಂದರೆ ಇವತ್ತು ಕ್ಯಾನ್ಸರ್ ಇಲ್ಲ ಎಂದು ಅರ್ಥ, ಇನ್ನು ಯಾವತ್ತೂ ಬರುವುದಿಲ್ಲ ಎಂದು ಬರೆದುಕೊಟ್ಟ ಪತ್ರವಲ್ಲ. ಅಂಚು ಫ್ರೀ ಇದ್ದರೂ ಬೇರೆ ಜಾಗದಲ್ಲಿ ಹೊಸದು ಏಳಬಹುದು. ಕೆಲವು ತಿಂಗಳಿಗೊಮ್ಮೆ ಬಂದು ಬಾಯಿ ತೋರಿಸಬೇಕು. ಹೊಗೆಸೊಪ್ಪು, ಅಡಿಕೆ ಎರಡೂ ಇವತ್ತಿನಿಂದ ಬಂದ್. ಓನರಮ್ಮನ ಮುಖ ನೋಡಬೇಕಿತ್ತು. “ಅದರ ಬದ್ಲು ಇನ್ನೊಂದ್ ಬಿಲ್ಲೆ ಬೇಕಾದ್ರೆ ತಕ್ಕಳಿ ಸ್ವಾಮಿ” ಎಂದು ಚೌಕಾಸಿಗಿಳಿದರು.

ನಗುನಗುತ್ತಲೇ ಎದ್ದೆವು. ನಾನು ಬಾಗಿಲ ತನಕ ಹೋಗಿದ್ದೆ. ಗೌಡರು ಕುರ್ಚಿಯಿಂದ ಎದ್ದಿರಲಿಲ್ಲ.

“ಏಳ್ರೀ, ಮುಗೀತು,” ಎಂದರು ಓನರಮ್ಮ.

ಗೌಡರು ಹೆಗಲ ಟವೆಲ್ಲನ್ನು ತೆಗೆದು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. “ಡಾಕ್ಟ್ರೇ, ಆ ಬ್ಯಾಟ್ರಿ ಒಸಿ ಇತ್ಲಾಗೂ ಬಿಡಿ,” ಎಂದು ಬಾಯಿ ತೆರೆದರು.

ನಾಲಗೆಯ ಪಕ್ಕದಲ್ಲಿ, ಎಡಗಡೆ, ಒಂದು ಕೆಂಪು ಮಚ್ಚೆ. ನಾನಿದ್ದಲ್ಲಿಂದಲೂ ಕಂಡಿತು. ಮೊಸರನ್ನ, ಪಿತ್ತ, ಹಬೆಯ ಮೇಲೆ ನಡುಗಿದ ಕೈ, ಕೆಂಪಗಿದ್ದರೆ ಏನು, ನೋವಿಲ್ಲದಿದ್ದರೂನಾ, ನೀನು ಬರದಿದ್ದರೆ ನಾನೂ ಹೋಗುವುದಿಲ್ಲ: ಎಲ್ಲವೂ ಒಂದರ ಹಿಂದೊಂದು ನನ್ನ ತಲೆಗೆ ಬಂದು ಬಡಿಯಿತು. ಅವರು ಹಿಂದಿನ ದಿನ ಕೇಳಿದ್ದು ಊರವರ ಬಾಯಿಯ ವಿಚಾರವಾಗಿರಲಿಲ್ಲ.

ಓನರಮ್ಮ ವಾಪಸ್ ಬಂದು ಗಂಡನ ಎದುರು ನಿಂತರು. “ಎಷ್ಟ್ ದಿನ ಆಯ್ತು?”

“ಯುಗಾದಿ ಆಚೆ ಈಚೆ.”

“ನಂದು ಕಾಣ್ಸೋಕೆ ಮುಂಚೆಯಿಂದ?”

ಗೌಡರು ತಲೆಯಾಡಿಸಿದರು.

“ಅಂದ್ರೆ ಮಡುವಿನಾಗೆ ಆಳ ಎಷ್ಟೈತೆ ನೋಡಕ್ಕೆ ನನ್ನ ಮುಂದೆ ಬಿಟ್ರಾ?”

“ನಿಂಗೆ ಧೈರ್ಯ ಜಾಸ್ತಿ ಕಣೇ,” ಎಂದರು ಗೌಡರು, ತೆರೆದ ಬಾಯಲ್ಲೇ.

ಆಕೆ ಹೊಡೆಯುತ್ತಾರೆ ಎಂದುಕೊಂಡೆ. ಇಲ್ಲ. ರೇಷ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಭುಜ ಕುಲುಕುತ್ತಿತ್ತು. ಅದು ಎಲ್ಲಿಯವರೆಗೆ ನಗುವಾಗಿತ್ತೋ ಎಲ್ಲಿಂದ ಅಳುವಾಯಿತೋ ನನಗೆ ತಿಳಿಯಲಿಲ್ಲ. ಡಾಕ್ಟರು ಮಾತ್ರ ನಗದೆ ಗೌಡರ ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ ನೋಡುತ್ತಿದ್ದರು. “ಇನ್ನೂ ಅಗಲ” ಎಂದರು. ಓನರಮ್ಮ ಗಂಡನ ಗಲ್ಲ ಹಿಡಿದು, “ತೆಗೀರಿ, ಇಡ್ಲಿ ತುರುಕ್ಕೊಳ್ಳೋವಾಗ ತೆಗೀತೀರಲ್ಲ ಹಂಗೆ” ಎಂದರು.

ಆ ವಾರವೇ ಗೌಡರ ಮಚ್ಚೆಯನ್ನೂ ತೆಗೆದರು. ಈ ಸಲ ಬಾಟಲಿ ಹಿಡಿದು ಬಸ್ಸು ಹತ್ತಿದ್ದು ಓನರಮ್ಮ. ಪಕ್ಕದವರು ಏನೆಂದು ಕೇಳಿದ್ದರೆ ಏನು ಹೇಳುತ್ತಿದ್ದರೋ, ಯಾರೂ ಕೇಳಲಿಲ್ಲವೆಂದು ಅವರಿಗೆ ಬೇಸರ. ರಿಪೋರ್ಟಿನ ಕವರು ಬಂದ ದಿನ ಇಡ್ಲಿ ಪಾತ್ರೆಯನ್ನು ತಂದು ನನ್ನ ಮಂಚದ ಕೆಳಗೆ ಬಚ್ಚಿಟ್ಟರು. ಡಾಕ್ಟರನ್ನು ನೋಡುವವರೆಗೂ ಆ ಮನೆಯಲ್ಲಿ ಬರೀ ಉಪ್ಪಿಟ್ಟು.

ಡಾಕ್ಟರು ಕವರು ಒಡೆದು ಜೋರಾಗಿ ಓದಿದರು. ಈಗ ಆ ಪದಗಳೆಲ್ಲ ನಮಗೆ ನೆಂಟರು. ಹೈಪರ್‌ಪ್ಲೇಸಿಯಾ ಎಂದಾಗ ಗೌಡರು “ಒತ್ತು ಪೈರು” ಎಂದು ತಲೆಯಾಡಿಸಿದರು. ಡಿಸ್‌ಪ್ಲೇಸಿಯಾ ಎಂದಾಗ “ಸೊಟ್ಟ” ಎಂದರು. ಮಾಡರೇಟ್ ಎಂದಾಗ ಟವೆಲಿನ ತುದಿ ಹಿಂಡಿದರು. ಬದು ದಾಟಿಲ್ಲ, ಕ್ಯಾನ್ಸರ್ ಇಲ್ಲ ಎಂದಾಗ ಉಸಿರು ಬಿಟ್ಟರು. ಇನ್ನು ಉಳಿದದ್ದು ಒಂದೇ ಸಾಲು. ಡಾಕ್ಟರು “ಮಾರ್ಜಿನ್ಸ್” ಎಂದು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಗೌಡರು ಪಕ್ಕಕ್ಕೆ ಕೈಚಾಚಿ ಹೆಂಡತಿಯ ಕೈ ಹಿಡಿದರು. ಯಡಿಯೂರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ, ಬಹುಶಃ ಓನರಮ್ಮ ಕೂಡ.

“ಫ್ರೀ,” ಎಂದರು ಡಾಕ್ಟರು.

“ಬಿಡ್ರೀ ಇನ್ನ, ಜನ ನೋಡ್ತಾರೆ,” ಎಂದರು ಓನರಮ್ಮ. ಕೈ ಮಾತ್ರ ಎಳೆದುಕೊಳ್ಳಲಿಲ್ಲ.